ಎರಡು ಪಾಳಿಗಳ ನಡುವೆ ಒಣಗದ ಬೂಟು: ಕಾಲಿನ ಬೆವರು ಮತ್ತು ದುರ್ವಾಸನೆಯ ಒಂದು ಪ್ರಕರಣ

ಹಿನ್ನೆಲೆ

ಇದು ಸರಕು ಗೋದಾಮೊಂದರಲ್ಲಿ ಪಾಳಿಯ ಮೇಲೆ ದುಡಿಯುವ, ಮೂವತ್ತರ ಆಸುಪಾಸಿನ ನೌಕರರೊಬ್ಬರ ಪ್ರಕರಣ. ಗುರುತು ತಿಳಿಯಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ; ಏನನ್ನು, ಯಾವ ಕ್ರಮದಲ್ಲಿ, ಏಕೆ ಮಾಡಲಾಯಿತು ಎಂಬುದರಲ್ಲಿ ಬದಲಾವಣೆ ಇಲ್ಲ. ಕೆಲಸದ ಸ್ಥಳದ ಆರೋಗ್ಯ ವಿಭಾಗದಲ್ಲಿ ಶುಶ್ರೂಷಕಿಯಾಗಿರುವ ನನ್ನ ಬಳಿಗೆ ಅವರು ಬಂದದ್ದು ಬೇರೊಂದು ಕಾರಣಕ್ಕೆ. ಮಾತು ಮುಗಿಸಿ ಏಳುವ ಹೊತ್ತಿಗೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಬೂಟು ಬಿಚ್ಚಲು ತಮಗೆ ಸಂಕೋಚವಾಗುತ್ತಿದೆಯೆಂದೂ, ಎಲ್ಲರೂ ಹೊರಟುಹೋಗುವವರೆಗೆ ಕಾಯುತ್ತೇನೆಂದೂ ಹೇಳಿದರು.

ಅವರು ಧರಿಸುತ್ತಿದ್ದದ್ದು ಬೆರಳುಗಳ ಮೇಲೆ ಉಕ್ಕಿನ ಕವಚವಿರುವ ಸುರಕ್ಷತಾ ಬೂಟು. ಕೆಲಸದ ನಿಯಮದಂತೆ ಅದು ಕಡ್ಡಾಯವಾಗಿದ್ದುದರಿಂದ, ಗಾಳಿಯಾಡುವ ಪಾದರಕ್ಷೆ ಹಾಕಿಕೊಳ್ಳಿ ಎಂಬ ಸಾಮಾನ್ಯ ಸಲಹೆಗೆ ಇಲ್ಲಿ ಅವಕಾಶವೇ ಇರಲಿಲ್ಲ. ಪಾಳಿ ಹತ್ತು ಗಂಟೆಯದು. ಅದರಲ್ಲಿ ಬಹುಪಾಲು ನಡಿಗೆ. ಬೂಟು ಇದ್ದದ್ದು ಒಂದೇ ಜೊತೆ. ಪಾಳಿ ಮುಗಿದ ಮೇಲೆ ಅದು ಮುಚ್ಚಿದ ಲೋಹದ ಕಪಾಟಿನೊಳಗೆ ಉಳಿದು, ಮರುದಿನ ಹೊರಬರುತ್ತಿತ್ತು. ಈ ಕೊನೆಯ ವಿವರವನ್ನು ಅವರು ತಾವಾಗಿ ಹೇಳಲಿಲ್ಲ, ನಾನು ಕೇಳಿದಾಗ ಹೇಳಿದರು.

ವಾಸನೆ ಹುಟ್ಟುವ ಬಗೆ

ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ದೇಹದ ಉಳಿದ ಹೆಚ್ಚಿನ ಭಾಗಗಳಿಗಿಂತ ದಟ್ಟವಾಗಿವೆ. ಅವು ಬಿಸಿಗೆ ಮಾತ್ರವಲ್ಲ, ಆತಂಕಕ್ಕೂ ಬಲವಾಗಿ ಸ್ಪಂದಿಸುತ್ತವೆ. ಹಾಗಾಗಿ ಯಾರಾದರೂ ಮೂಗು ಮುಚ್ಚಿಕೊಂಡಾರು ಎಂಬ ಚಿಂತೆಯೇ ಅಂಗಾಲನ್ನು ಇನ್ನಷ್ಟು ಬೆವರಿಸಬಲ್ಲದು. ಆದರೆ ಆಗಷ್ಟೇ ಸ್ರವಿಸಿದ ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಚರ್ಮದ ಮೇಲೆ ಸಹಜವಾಗಿಯೇ ವಾಸಿಸುವ ಬ್ಯಾಕ್ಟೀರಿಯಾಗಳು, ಬೆವರಿನಲ್ಲೂ ನೆನೆದು ಮೆತ್ತಗಾದ ಸತ್ತ ಚರ್ಮದಲ್ಲೂ ಸಿಗುವ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಒಡೆದು ಐಸೋವಲೆರಿಕ್ ಆಮ್ಲವನ್ನು ಉಂಟುಮಾಡುತ್ತವೆ. ಬೂಟಿನಿಂದ ಬರುವ ಹುಳಿಹುಳಿ ಕಮಟಿಗೆ ಮುಖ್ಯ ಕಾರಣ ಇದೇ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಗಂಧಕವಿರುವ ಅನಿಲಗಳನ್ನು ಹೊರಹಾಕುತ್ತವೆ. ಅವುಗಳ ನಾತ ಬೇರೆ ಬಗೆಯದು, ಕೊಳೆತ ಎಲೆಕೋಸನ್ನು ನೆನಪಿಸುವಂಥದ್ದು.

ಈ ಕ್ರಿಯೆಗೆ ತೇವ ಬೇಕು, ಬೆಚ್ಚನೆಯ ಜಾಗ ಬೇಕು, ಸಮಯವೂ ಬೇಕು. ಬೆಚ್ಚಗಿರುವುದನ್ನು ತಪ್ಪಿಸುವಂತಿಲ್ಲ, ಬೆವರನ್ನು ಪೂರ್ತಿ ನಿಲ್ಲಿಸುವಂತೆಯೂ ಇಲ್ಲ. ಹಾಗಾದರೆ ನಮ್ಮ ಹಿಡಿತಕ್ಕೆ ಸಿಗುವುದು ಸಮಯ ಮಾತ್ರ, ಅಂದರೆ ಪಾದ, ಸಾಕ್ಸ್ ಮತ್ತು ಬೂಟು ಎಷ್ಟು ಹೊತ್ತು ಒದ್ದೆಯಾಗಿ ಉಳಿಯುತ್ತವೆ ಎಂಬುದು. ಈ ಪ್ರಕರಣದ ತಿರುವುಗಳೆಲ್ಲ ಈ ಒಂದು ಅಂಶದ ಸುತ್ತಲೇ ಇವೆ.

ಅದುವರೆಗೆ ಮಾಡಿದ್ದ ಪ್ರಯತ್ನಗಳು

ಅವರು ಸುಮ್ಮನೆ ಕುಳಿತಿರಲಿಲ್ಲ. ಮೊದಲು ಬೂಟಿಗೆ ಹೊಡೆಯುವ ಸುಗಂಧದ ಸ್ಪ್ರೇ ಬಳಸಿದ್ದರು. ಪಾಳಿ ಮುಗಿದ ಕೂಡಲೇ ಬೂಟಿನೊಳಗೆ ಧಾರಾಳವಾಗಿ ಸಿಂಪಡಿಸಿ ಕಪಾಟು ಮುಚ್ಚುತ್ತಿದ್ದರು. ಮರುದಿನ ಬಾಗಿಲು ತೆರೆದಾಗ ಸುಗಂಧವೂ ದುರ್ಗಂಧವೂ ಬೆರೆತ, ಅವರ ಮಾತಿನಲ್ಲೇ ಹೇಳುವುದಾದರೆ ‘ಮೊದಲಿನದಕ್ಕಿಂತ ಕೆಟ್ಟ’ ವಾಸನೆ ಬರುತ್ತಿತ್ತು. ನಂತರ ಆಲ್ಕೋಹಾಲ್ ಇರುವ, ಬ್ಯಾಕ್ಟೀರಿಯಾ ಕೊಲ್ಲುತ್ತದೆಂದು ಹೇಳಿಕೊಳ್ಳುವ ಸ್ಪ್ರೇಗೆ ಬದಲಾದರು. ಅದು ಕೆಲವು ದಿನ ಗುಣ ತೋರಿಸಿ ಆಮೇಲೆ ಪ್ರಯೋಜನಕ್ಕೆ ಬಾರದಾಯಿತು.

ಆಮೇಲೆ ಇದ್ದಿಲಿನ ಪುಡಿ ತುಂಬಿದ ಇನ್‌ಸೋಲ್ ತಂದು, ಬೂಟಿನ ಸ್ವಂತ ಇನ್‌ಸೋಲಿನ ಮೇಲೆಯೇ ಹಾಸಿಕೊಂಡರು. ಮೊದಲ ವಾರ ವಾಸನೆ ನಿಜವಾಗಿಯೂ ತಗ್ಗಿತು. ಮೂರನೆಯ ವಾರದ ಹೊತ್ತಿಗೆ ಆ ಇನ್‌ಸೋಲೇ ನಾರತೊಡಗಿತು. ಇದರ ಜೊತೆಗೆ ಶಿಲೀಂಧ್ರ ನಿರೋಧಕ ಪೌಡರನ್ನು ಸ್ನಾನವಾದ ತಕ್ಷಣ ಬೆರಳ ಸಂದುಗಳಿಗೆ ಉದುರಿಸುತ್ತಿದ್ದರು. ಸಾಕ್ಸ್ ವಿಷಯದಲ್ಲಿ ಮಾತ್ರ ಅವರಿಗೆ ಅನುಮಾನವೇ ಇರಲಿಲ್ಲ: ಅಪ್ಪಟ ಹತ್ತಿಯದ್ದೇ ಒಳ್ಳೆಯದೆಂದು ದಪ್ಪನೆಯ ಹತ್ತಿ ಸಾಕ್ಸ್ ಧರಿಸುತ್ತಿದ್ದರು, ಇಡೀ ಪಾಳಿಗೆ ಒಂದೇ ಜೊತೆ.

ಈ ಪ್ರಯತ್ನಗಳಲ್ಲಿ ಯಾವುದೂ ಅರ್ಥಹೀನವಲ್ಲ. ಎಲ್ಲವನ್ನೂ ಒಟ್ಟಿಗೆ, ವಾಸನೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯುವ ಮುನ್ನವೇ ಮಾಡಿದ್ದರಿಂದ, ಯಾವುದು ಎಷ್ಟು ಕೆಲಸ ಮಾಡಿತು ಎಂದು ಹೇಳಲು ದಾರಿ ಉಳಿದಿರಲಿಲ್ಲ. ಆದ್ದರಿಂದ ಹೊಸದೇನನ್ನೂ ಕೊಳ್ಳುವುದು ಬೇಡವೆಂದು ಮೊದಲು ನಿರ್ಧರಿಸಿದೆವು.

ಮೊದಲ ತಿರುವು: ವಾಸನೆಯ ನೆಲೆಯನ್ನು ಬೇರ್ಪಡಿಸುವುದು

ರಜೆಯ ದಿನ ಮಾಡಲು ಅವರಿಗೊಂದು ಸರಳ ಪರೀಕ್ಷೆ ಹೇಳಿದೆ. ಹಿಂದಿನ ಪಾಳಿಯ ಬೂಟಿನಿಂದ ಇನ್‌ಸೋಲನ್ನು ಹೊರತೆಗೆದು, ಬೂಟು ಮತ್ತು ಇನ್‌ಸೋಲ್ ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಡಬೇಕು. ಒಗೆದು ಒಣಗಿಸಿದ ಸಾಕ್ಸ್ ಜೊತೆಯೊಂದನ್ನು ಮೂರನೆಯ ಚೀಲದಲ್ಲಿ ಒಂದೆರಡು ಹನಿ ನೀರು ಚಿಮುಕಿಸಿ ಇಡಬೇಕು. ಪಾದಗಳನ್ನು ಸಾಬೂನಿನಿಂದ ತೊಳೆದು ಒರೆಸಿ, ಎರಡು ಗಂಟೆ ಬರಿಗಾಲಿನಲ್ಲಿ ಇರಬೇಕು. ಬಳಿಕ ಒಂದೊಂದನ್ನೇ ಮೂಸಿ ನೋಡಬೇಕು. ಸ್ವಂತ ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆಯಾದ್ದರಿಂದ ಈ ಕೆಲಸಕ್ಕೆ ಮನೆಯ ಇನ್ನೊಬ್ಬರ ನೆರವು ಪಡೆಯುವುದು ಮೇಲು. ಅವರ ಸಂಗಾತಿ ಸ್ವಲ್ಪ ನಗುತ್ತಲೇ ಒಪ್ಪಿಕೊಂಡರು.

ಫಲಿತಾಂಶ ಹೀಗಿತ್ತು. ಅತ್ಯಂತ ಕಟುವಾದ ವಾಸನೆ ಇನ್‌ಸೋಲಿನದು. ಇನ್‌ಸೋಲ್ ತೆಗೆದ ಬೂಟಿನದು ಅದಕ್ಕಿಂತ ಕಡಿಮೆ, ಆದರೂ ಸ್ಪಷ್ಟ. ಒಗೆದ ಸಾಕ್ಸ್ ಒಣಗಿದ್ದಾಗ ವಾಸನೆಯಿರಲಿಲ್ಲ, ತೇವ ತಾಗಿದ ಮೇಲೆ ಮಾತ್ರ ಮಂದವಾಗಿ ಬಂತು. ಅಂದರೆ ಒಗೆತದಲ್ಲಿ ಕೊಳೆ ಪೂರ್ತಿ ಹೋಗುತ್ತಿರಲಿಲ್ಲ. ನಾನು ನಿರೀಕ್ಷಿಸದೆ ಇದ್ದದ್ದು ಪಾದದ ಫಲಿತಾಂಶ: ತೊಳೆದು, ಗಾಳಿಗೆ ಬಿಟ್ಟ ನಂತರವೂ ಹಿಮ್ಮಡಿಯಲ್ಲಿ ವಾಸನೆ ಉಳಿದಿತ್ತು. ಸಾಮಾನ್ಯವಾಗಿ ಕಾಲಿನ ವಾಸನೆ ಸಾಬೂನಿಗೆ ಹೋಗಿಬಿಡುತ್ತದೆ, ಮತ್ತೆ ಬೂಟು ಹಾಕಿ ಕೆಲವು ಗಂಟೆ ಕಳೆದ ಮೇಲಷ್ಟೇ ಮರಳುತ್ತದೆ. ತೊಳೆದರೂ ಹೋಗದ ವಾಸನೆಯೆಂದರೆ ಚರ್ಮದ ಹೊರಪದರದ ಒಳಗೇ ಏನೋ ನಡೆಯುತ್ತಿದೆ ಎಂಬ ಸೂಚನೆ. ಪಾದಗಳನ್ನು ನೋಡಬೇಕೆಂದು ಅವರನ್ನು ಮತ್ತೆ ಕರೆದೆ.

ಎರಡನೆಯ ತಿರುವು: ಪಾದದ ಪರೀಕ್ಷೆ

ಒಣಗಿದ ಅಂಗಾಲಿನಲ್ಲಿ ಮೊದಲ ನೋಟಕ್ಕೆ ಹೆಚ್ಚೇನೂ ಕಾಣಲಿಲ್ಲ. ಪಾದಗಳನ್ನು ಹತ್ತು ನಿಮಿಷ ನೀರಿನಲ್ಲಿ ಇರಿಸಿ ತೆಗೆದಾಗ ಹಿಮ್ಮಡಿಯಲ್ಲೂ, ಹೆಬ್ಬೆರಳಿನ ಬುಡದ ಉಬ್ಬಿನಲ್ಲೂ ಚರ್ಮ ಬೆಳ್ಳಗಾಗಿ, ಸೂಜಿಯಿಂದ ಚುಚ್ಚಿದಂಥ ಸಣ್ಣ ಕುಳಿಗಳು ಗುಂಪುಗುಂಪಾಗಿ ಎದ್ದು ಕಂಡವು. ಕೆಲವೆಡೆ ಕುಳಿಗಳು ಒಂದಕ್ಕೊಂದು ಕೂಡಿಕೊಂಡು ಮೇಲುಮೇಲಿನ ಗಾಯದಂತಾಗಿದ್ದವು. ನೋವಿರಲಿಲ್ಲ, ತುರಿಕೆಯಿರಲಿಲ್ಲ, ಪಾಳಿಯ ಕೊನೆಗೆ ಸಾಕ್ಸ್ ಅಂಗಾಲಿಗೆ ಅಂಟಿಕೊಳ್ಳುತ್ತದೆ ಎಂಬುದಷ್ಟೇ ಅವರ ದೂರು.

ಈ ಲಕ್ಷಣಗಳು ‘ಪಿಟೆಡ್ ಕೆರಟೊಲೈಸಿಸ್’ ಎಂಬ ಸ್ಥಿತಿಯವು. ಕಾಲು ದೀರ್ಘಕಾಲ ಒದ್ದೆಯಾಗಿರುವವರಲ್ಲಿ, ಅಂದರೆ ಸೈನಿಕರು, ಕ್ರೀಡಾಪಟುಗಳು, ಇಡೀ ದಿನ ಬೂಟು ಧರಿಸುವ ಕೆಲಸಗಾರರಲ್ಲಿ ಇದು ಹೆಚ್ಚು. ಕೆಲವು ಬಗೆಯ ಬ್ಯಾಕ್ಟೀರಿಯಾಗಳು ನೆನೆದ ಹೊರಚರ್ಮದ ಕೆರಟಿನ್ ಅನ್ನು ಕರಗಿಸುವ ಕಿಣ್ವಗಳನ್ನು ಬಿಡುತ್ತವೆ. ಕುಳಿಗಳು ಮೂಡುವುದು ಇದರಿಂದ. ಇದಕ್ಕೂ ಶಿಲೀಂಧ್ರದ ಸೋಂಕಿಗೂ ವ್ಯತ್ಯಾಸ ತಿಳಿದಿರಬೇಕು. ಶಿಲೀಂಧ್ರವು ಹೆಚ್ಚಾಗಿ ಬೆರಳ ಸಂದಿನಲ್ಲಿ ತುರಿಕೆ, ಸಿಪ್ಪೆಯೇಳುವಿಕೆ, ಬಿರುಕುಗಳನ್ನು ತೋರಿಸುತ್ತದೆ. ಕುಳಿಗಳು ಭಾರ ಬೀಳುವ ಜಾಗದಲ್ಲಿ, ಹೆಚ್ಚಾಗಿ ತುರಿಕೆಯಿಲ್ಲದೆ, ತೀವ್ರ ನಾತದೊಂದಿಗೆ ಬರುತ್ತವೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಇವರ ಬೆರಳ ಸಂದುಗಳಲ್ಲಿ ಸೋಂಕಿರಲಿಲ್ಲ. ಅಲ್ಲಿ ಇದ್ದದ್ದು ಬೆವರಿನೊಂದಿಗೆ ಕಲಸಿ ಮುದ್ದೆಯಾದ ಪೌಡರ್. ತಿಂಗಳುಗಟ್ಟಲೆ ಹಾಕಿದ ಶಿಲೀಂಧ್ರ ನಿರೋಧಕ ಪೌಡರ್ ಬೇರೆ ಜೀವಿಯ ಮೇಲೆ, ಬೇರೆ ಜಾಗದಲ್ಲಿ ವ್ಯರ್ಥವಾಗಿತ್ತು.

ಚರ್ಮವೈದ್ಯರಿಗೆ ತೋರಿಸುವಂತೆ ಪತ್ರ ಬರೆದುಕೊಟ್ಟೆ. ಭೇಟಿಗೆ ಎರಡು ವಾರದ ಆಚೆಯ ದಿನ ಸಿಕ್ಕಿತು. ಆ ಅವಧಿಯಲ್ಲಿ ಬೂಟಿನ ಕಡೆಗೆ ಮಾತ್ರ ಗಮನ ಕೊಡುವುದೆಂದೂ, ಪಾದಕ್ಕೆ ಸಾಬೂನು ಮತ್ತು ಒಣ ಬಟ್ಟೆಯ ಹೊರತು ಏನನ್ನೂ ಬಳಸಬಾರದೆಂದೂ ಮಾತಾಯಿತು. ಕಾಯಬೇಕಾಗಿ ಬಂದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಏಕೆಂದರೆ ಬೂಟು ಒಣಗಿದ್ದರಿಂದ ಏನಾಯಿತು, ಔಷಧದಿಂದ ಏನಾಯಿತು ಎಂಬುದನ್ನು ಬೇರೆಬೇರೆಯಾಗಿ ನೋಡಲು ಸಾಧ್ಯವಾಯಿತು.

ಮೂರನೆಯ ತಿರುವು: ತಕ್ಕಡಿ

‘ರಾತ್ರಿಯೆಲ್ಲ ಬಿಟ್ಟರೆ ಬೂಟು ಒಣಗಿಯೇ ಇರುತ್ತದೆ’ ಎಂಬುದು ಅವರ ನಂಬಿಕೆಯಾಗಿತ್ತು; ಕೈಯಿಟ್ಟು ನೋಡಿದರೆ ಒಣಗಿದಂತೆಯೇ ಅನ್ನಿಸುತ್ತಿತ್ತು. ವಾದ ಮಾಡುವುದಕ್ಕಿಂತ ತೂಗುವುದು ಸುಲಭ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬೂಟಿನ ಸ್ವಂತ ಇನ್‌ಸೋಲನ್ನು ತೂಗಿ ಬರೆದಿಡಲು ಹೇಳಿದೆ. ರಜೆಯಲ್ಲಿ ಎರಡು ದಿನ ಬಿಸಿಲು ಗಾಳಿಗೆ ಪೂರ್ತಿ ಒಣಗಿಸಿದಾಗ ಒಂದು ಇನ್‌ಸೋಲ್ 40 ಗ್ರಾಂ ತೂಗಿತು. ಪಾಳಿಯ ಕೊನೆಗೆ 53 ಗ್ರಾಂ. ಕಪಾಟಿನಲ್ಲಿ ರಾತ್ರಿ ಕಳೆದು, ಮತ್ತೆ ಕಾಲಿಗೇರುವ ಮುನ್ನ 48 ಗ್ರಾಂ. ಅಂದರೆ ಒಂದು ಪಾಳಿಯಲ್ಲಿ ಹೀರಿಕೊಂಡ 13 ಗ್ರಾಂ ನೀರಿನಲ್ಲಿ 8 ಗ್ರಾಂ ಮರುದಿನಕ್ಕೂ ಹಾಗೆಯೇ ಉಳಿದಿತ್ತು. ಹೀಗೆ ಪ್ರತಿದಿನವೂ ಹಿಂದಿನ ದಿನದ ತೇವದ ಮೇಲೆ ಹೊಸ ತೇವ ಸೇರುತ್ತ, ವಾರದ ಯಾವ ಹೊತ್ತಿನಲ್ಲೂ ಬೂಟು ಒಣಗುತ್ತಲೇ ಇರಲಿಲ್ಲ. ಕೈಗೆ ಒಣಗಿದಂತೆ ತೋರುತ್ತಿದ್ದದ್ದು ಮೇಲಿನ ಬಟ್ಟೆ ಮಾತ್ರ. ನೀರು ಅದರಡಿಯ ಫೋಮಿನಲ್ಲಿತ್ತು.

ಈ ಅಂಕಿಗಳನ್ನು ನೋಡಿದ ಮೇಲೆ ಹಿಂದಿನ ಪ್ರಯತ್ನಗಳು ಸೋತದ್ದೇಕೆಂದು ಅವರಿಗೇ ಅರ್ಥವಾಯಿತು. ಒದ್ದೆ ಬೂಟಿಗೆ ಸ್ಪ್ರೇ ಹೊಡೆದು ಕಪಾಟು ಮುಚ್ಚಿದರೆ, ಸ್ಪ್ರೇಯಲ್ಲಿರುವ ನೀರೂ ಒಳಗಿನ ತೇವಕ್ಕೆ ಸೇರುತ್ತದೆ. ಸುಮಾರು ಶೇ 70ರಷ್ಟು ಆಲ್ಕೋಹಾಲ್ ಇರುವ ದ್ರಾವಣ ತಾಗಿದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ನಿಜ. ಆದರೆ ಅದು ಫೋಮಿನ ಆಳಕ್ಕೆ ಇಳಿಯುವ ಮುನ್ನವೇ ಆರಿಹೋಗುತ್ತದೆ, ಒದ್ದೆ ಇನ್‌ಸೋಲಿನಲ್ಲಿ ತೆಳುವಾಗಿ ತನ್ನ ಬಲವನ್ನೂ ಕಳೆದುಕೊಳ್ಳುತ್ತದೆ. ಬದುಕುಳಿದ ಬ್ಯಾಕ್ಟೀರಿಯಾಗಳಿಗೂ, ಮರುದಿನ ಕಾಲಿನಿಂದ ಹೊಸದಾಗಿ ಬರುವವುಗಳಿಗೂ ತೇವ ಕಾದಿರುತ್ತದೆ. ಇದ್ದಿಲಿನ ವಿಷಯವೂ ಹೀಗೆಯೇ: ಅದು ವಾಸನೆಯ ಅಣುಗಳನ್ನು ತನ್ನ ಮೈಗೆ ಹಿಡಿದುಕೊಳ್ಳಬಲ್ಲದು, ಆದರೆ ಆ ಜಾಗ ಸೀಮಿತ, ಮತ್ತು ತೇವ ಹೆಚ್ಚಿರುವಲ್ಲಿ ನೀರಿನ ಅಣುಗಳೇ ಆ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ತೆಳುವಾದ ಹಾಸಿನಲ್ಲಿರುವ ಇದ್ದಿಲು ಕೆಲವೇ ವಾರಗಳಲ್ಲಿ ತುಂಬಿಹೋದದ್ದು ಆಶ್ಚರ್ಯವಲ್ಲ.

ಇನ್‌ಸೋಲ್ ಕುರಿತು ಇನ್ನೊಂದು ಮಾತು ಹೇಳಲೇಬೇಕು, ಇದನ್ನು ಗಮನಿಸುವವರು ಕಡಿಮೆ. ಸುರಕ್ಷತಾ ಬೂಟುಗಳನ್ನು ಐಎಸ್‌ಒ 20345ರಂಥ ಮಾನದಂಡದಡಿ ಪರೀಕ್ಷಿಸುವಾಗ ಅವುಗಳ ಜೊತೆಗೆ ಬಂದ ಇನ್‌ಸೋಲನ್ನು ಒಳಗಿಟ್ಟೇ ಪರೀಕ್ಷಿಸುತ್ತಾರೆ. ಅದರ ಮೇಲೆ ಇನ್ನೊಂದು ಪದರ ಹಾಸಿದರೆ ಪಾದ ಮೇಲೇರಿ, ಬೆರಳುಗಳಿಗೂ ಉಕ್ಕಿನ ಕವಚಕ್ಕೂ ನಡುವಿನ ಜಾಗ ಕಿರಿದಾಗುತ್ತದೆ. ಬೇರೆ ವಸ್ತುವಿನ ಇನ್‌ಸೋಲ್ ಹಾಕಿದರೆ ಸ್ಥಾಯೀ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಗುಣವೂ ಕೆಡಬಹುದು. ಆದ್ದರಿಂದ ಇದ್ದಿಲಿನ ಹಾಸನ್ನು ತೆಗೆದುಹಾಕಿಸಿ, ಅದೇ ತಯಾರಕರು ಅದೇ ಮಾದರಿಗೆಂದು ಮಾಡಿದ ಎರಡು ಜೊತೆ ಬದಲಿ ಇನ್‌ಸೋಲ್ ತರಿಸಿಕೊಂಡರು. ಸಾಮಾನ್ಯ ಬೂಟು ಧರಿಸುವವರಿಗೆ ಈ ನಿರ್ಬಂಧವಿಲ್ಲ.

ಬೂಟು ಒಣಗಿಸುವ ವ್ಯವಸ್ಥೆ

ಎರಡನೆಯ ಜೊತೆ ಬೂಟಿಗಾಗಿ ಬರೆದ ಅರ್ಜಿ ಮಂಜೂರಾಗಲು ಸಮಯ ಹಿಡಿಯಿತು. ಅಲ್ಲಿಯವರೆಗೆ ಅವರು ಮಾಡಿದ್ದು ಇಷ್ಟು. ಪಾಳಿ ಮುಗಿದೊಡನೆ ಇನ್‌ಸೋಲನ್ನು ಹೊರತೆಗೆದು ಮನೆಗೆ ಒಯ್ದು ಒಣಗಲು ಹಾಕುವುದು, ಮರುದಿನ ಒಣಗಿದ ಇನ್ನೊಂದು ಜೊತೆಯನ್ನು ಬಳಸುವುದು. ಬೂಟಿನ ದಾರ ಪೂರ್ತಿ ಸಡಿಲಿಸಿ, ನಾಲಗೆಯನ್ನು ಮುಂದಕ್ಕೆ ಎಳೆದು, ಬೆರಳಿನ ಭಾಗಕ್ಕೆ ವೃತ್ತಪತ್ರಿಕೆಯ ಕಾಗದ ತುರುಕಿ, ಒಂದು ಗಂಟೆಯ ನಂತರ ಆ ಕಾಗದ ತೆಗೆದು ಬೂಟನ್ನು ಕಪಾಟಿನ ಹೊರಗೆ ಫ್ಯಾನಿನ ಗಾಳಿ ಬರುವಲ್ಲಿ ಇಡುವುದು. ಕಾಗದವನ್ನು ರಾತ್ರಿಯೆಲ್ಲ ಒಳಗೇ ಬಿಟ್ಟರೆ ಒದ್ದೆ ಕಾಗದವೇ ಗಾಳಿಗೆ ಅಡ್ಡವಾಗುತ್ತದೆ. ಹೀಟರಿನ ಎದುರು ಇಡುವುದನ್ನು ಬೇಡವೆಂದೆ, ಏಕೆಂದರೆ ಬಿಸಿ ಹೆಚ್ಚಾದರೆ ಚರ್ಮದ ಬೂಟು ಸೆಡೆತುಕೊಳ್ಳುತ್ತದೆ, ಅಟ್ಟೆಯ ಅಂಟೂ ಬಿಡುತ್ತದೆ.

ಹಳೆಯ ವಾಸನೆಯನ್ನು ತೆಗೆಯಲು ಸ್ಪ್ರೇ ಮತ್ತು ಅಡುಗೆ ಸೋಡಾ ಎರಡನ್ನೂ ಬಳಸಿದರು, ಆದರೆ ಒಣಗಿದ ಬೂಟಿಗೆ ಮಾತ್ರ, ರಜೆಯ ದಿನಗಳಲ್ಲಿ ಮಾತ್ರ. ಮೊದಲ ದಿನ ಇನ್‌ಸೋಲ್ ಇಲ್ಲದ ಬೂಟಿನೊಳಗೆ ಆಲ್ಕೋಹಾಲ್ ಸ್ಪ್ರೇ ಹೊಡೆದು ತೆರೆದೇ ಬಿಟ್ಟರು. ಅದು ಪೂರ್ತಿ ಆರಿದ ಮೇಲೆ ಒಂದೊಂದು ಬೂಟಿಗೆ ಒಂದು ಚಮಚದಷ್ಟು ಸೋಡಾ ಉದುರಿಸಿ, ರಾತ್ರಿ ಕಳೆದು, ಕೊಡವಿ, ಒದ್ದೆಯಿಲ್ಲದ ಬಟ್ಟೆಯಿಂದ ಒರೆಸಿದರು. ಸೋಡಾ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ಇಲ್ಲಿ ಬಳಸಿದ್ದಲ್ಲ. ವಾಸನೆ ಬೀರುವ ಐಸೋವಲೆರಿಕ್ ಆಮ್ಲ ಅದರೊಂದಿಗೆ ಸೇರಿ ಆವಿಯಾಗದ ಲವಣವಾಗುತ್ತದೆ, ಆವಿಯಾಗದ್ದು ಮೂಗಿಗೆ ಬರುವುದಿಲ್ಲ. ಆದರೆ ಸೋಡಾ ಉಳಿದ ಬೂಟಿನಲ್ಲಿ ಬೆವರುವ ಕಾಲಿಟ್ಟರೆ ಅದರ ಕ್ಷಾರ ಚರ್ಮವನ್ನು ಕೆರಳಿಸುತ್ತದೆ, ಇವರಂಥ ಕುಳಿಬಿದ್ದ ಅಂಗಾಲಿಗಂತೂ ಇನ್ನೂ ಹೆಚ್ಚು. ಕೊಡವುವ ಕೆಲಸವನ್ನು ಉದಾಸೀನ ಮಾಡಬಾರದು ಎಂದು ಒತ್ತಿ ಹೇಳಿದ್ದು ಇದೇ ಕಾರಣಕ್ಕೆ. ಹಳೆಯ ಇನ್‌ಸೋಲುಗಳನ್ನು ಉಳಿಸಿಕೊಳ್ಳುವ ಪ್ರಯತ್ನ ಮಾಡದೆ ಎಸೆದರು.

ಎರಡು ವಾರದ ಕೊನೆಗೆ ಬೂಟಿನ ವಾಸನೆ ಬಹಳಷ್ಟು ಇಳಿದಿತ್ತು. ಹಿಮ್ಮಡಿಯದು ಮಾತ್ರ ಇದ್ದ ಹಾಗೆಯೇ ಇತ್ತು.

ಔಷಧ, ಮತ್ತು ಬೆವರು ತಗ್ಗಿಸುವ ದ್ರಾವಣ

ಚರ್ಮವೈದ್ಯರು ನೋಡಿ ಕುಳಿಗಳ ಕಾರಣವನ್ನು ಖಚಿತಪಡಿಸಿ, ಹಚ್ಚುವ ಆ್ಯಂಟಿಬಯಾಟಿಕ್ ಲೋಷನ್ ಬರೆದುಕೊಟ್ಟರು. ಇದಕ್ಕೆ ಸಾಮಾನ್ಯವಾಗಿ ಕ್ಲಿಂಡಮೈಸಿನ್, ಎರಿತ್ರೊಮೈಸಿನ್ ಅಥವಾ ಫ್ಯುಸಿಡಿಕ್ ಆಮ್ಲವಿರುವ ಲೇಪಗಳನ್ನು ಬಳಸುತ್ತಾರೆ. ಯಾವುದು, ಎಷ್ಟು ದಿನ ಎಂಬುದು ನೋಡಿದ ವೈದ್ಯರ ನಿರ್ಧಾರ. ಮೊದಲ ವಾರದ ಕೊನೆಗೇ ತೊಳೆದ ಪಾದದಲ್ಲಿ ಉಳಿಯುತ್ತಿದ್ದ ವಾಸನೆ ಹೋಯಿತು. ಕುಳಿಗಳು ತುಂಬಿಕೊಳ್ಳಲು ಇನ್ನೂ ಕೆಲವು ವಾರ ಹಿಡಿದವು.

ಕುಳಿಗಳು ಮಾಯ್ದ ನಂತರ ಬೆವರನ್ನೇ ತಗ್ಗಿಸಲು ಅಲ್ಯುಮಿನಿಯಂ ಕ್ಲೋರೈಡ್ ಶೇ 20ರ ದ್ರಾವಣವನ್ನು ಸೂಚಿಸಿದ್ದರು. ಇದು ಬೆವರಿನ ನಾಳದ ಬಾಯಿಯಲ್ಲಿ ಬಿರಡೆಯಂತೆ ಕೂತು ಹೊರಹರಿವನ್ನು ತಡೆಯುತ್ತದೆ. ಹಚ್ಚುವ ಹೊತ್ತು ಇಲ್ಲಿ ಮುಖ್ಯ: ಅಂಗಾಲು ಅತ್ಯಂತ ಕಡಿಮೆ ಬೆವರುವ ರಾತ್ರಿಯಲ್ಲಿ, ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ, ಬೆಳಿಗ್ಗೆ ತೊಳೆದುಬಿಡಬೇಕು. ಅವರು ಮೊದಲ ಬಾರಿ ಪಾಳಿಗೆ ಹೊರಡುವ ಮುನ್ನ, ಸ್ನಾನದ ತೇವ ಆರುವ ಮೊದಲೇ ಹಚ್ಚಿಕೊಂಡುಬಿಟ್ಟರು. ಅಲ್ಯುಮಿನಿಯಂ ಕ್ಲೋರೈಡ್ ನೀರಿನೊಂದಿಗೆ ಸೇರಿದಾಗ ಹೈಡ್ರೋಕ್ಲೋರಿಕ್ ಆಮ್ಲ ಉಂಟಾಗುವುದರಿಂದ ಮಧ್ಯಾಹ್ನದೊಳಗೆ ಅಂಗಾಲು ಉರಿಯತೊಡಗಿತು. ಕೆಲವು ದಿನ ಬಿಟ್ಟು, ಸರಿಯಾದ ಕ್ರಮದಲ್ಲಿ ಮತ್ತೆ ಆರಂಭಿಸಿದಾಗ ಬೆವರು ಗೊತ್ತಾಗುವಷ್ಟು ಕಡಿಮೆಯಾಯಿತು. ಆದರೆ ಹಿಮ್ಮಡಿಯ ಚರ್ಮ ಒಣಗಿ ಸೀಳುತ್ತಿತ್ತು. ಒಂದು ತಿಂಗಳ ನಂತರ ಅವರು ಅದನ್ನು ಬಿಟ್ಟರು, ವೈದ್ಯರೂ ಒಪ್ಪಿದರು.

ಸಾಕ್ಸ್: ನಾರಿಗಿಂತ ಬದಲಾವಣೆಯ ಹೊತ್ತು

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಸಾಕ್ಸ್ ಬಗ್ಗೆ. ಹತ್ತಿ ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಹಿಡಿದಿಟ್ಟುಕೊಳ್ಳುತ್ತದೆ, ನಿಧಾನವಾಗಿ ಒಣಗುತ್ತದೆ, ನೆನೆದ ಮೇಲೆ ಚರ್ಮಕ್ಕೆ ಉಜ್ಜುತ್ತದೆ. ಪಾಲಿಯೆಸ್ಟರ್ ನಾರಿನೊಳಗೆ ನೀರು ಬಹುತೇಕ ಇಳಿಯುವುದೇ ಇಲ್ಲ. ನಾರುಗಳ ಸಂದಿನಲ್ಲಿ ಹರಿದು ಹೊರಮೈಗೆ ಸಾಗುತ್ತದೆ. ಓಟಗಾರರ ಜಾಲರಿ ಬೂಟಿನಲ್ಲಿ ಇದು ದೊಡ್ಡ ಅನುಕೂಲ, ಏಕೆಂದರೆ ಹೊರಮೈಗೆ ಬಂದ ನೀರು ಅಲ್ಲಿಂದ ಗಾಳಿಗೆ ಹೋಗಬಲ್ಲದು. ಗಾಳಿಯಾಡದ ಸುರಕ್ಷತಾ ಬೂಟಿನಲ್ಲಿ ಆ ನೀರಿಗೆ ಹೋಗಲು ಜಾಗವಿಲ್ಲ. ಅದು ಬೂಟಿನ ಅಸ್ತರಿಗೂ ಇನ್‌ಸೋಲಿಗೂ ಸೇರುತ್ತದೆ. ಅವರು ಕೆಲವು ದಿನ ಪಾಲಿಯೆಸ್ಟರ್ ಸಾಕ್ಸ್ ಧರಿಸಿದಾಗ ಕಾಲು ಒಣಗಿದಂತೆ ಅನ್ನಿಸಿತು, ಆದರೆ ಇನ್‌ಸೋಲಿನ ತೂಕ ಹತ್ತಿಯ ದಿನಗಳಿಗಿಂತ ಹೆಚ್ಚಿತ್ತು. ಮೇಲಾಗಿ ಪಾಲಿಯೆಸ್ಟರ್ ದೇಹದ ಎಣ್ಣೆಯಂಶವನ್ನೂ ವಾಸನೆಯನ್ನೂ ಹಿಡಿದುಕೊಂಡು ಒಗೆತಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಮೆರಿನೋ ಉಣ್ಣೆ ಈ ಕೆಲಸಕ್ಕೆ ಗುಣದಲ್ಲಿ ಎಲ್ಲಕ್ಕಿಂತ ಮೇಲು. ಅದು ತನ್ನ ಒಣತೂಕದ ಮೂರನೆಯ ಒಂದು ಭಾಗದವರೆಗೂ ತೇವವನ್ನು ನಾರಿನೊಳಗೆ ಸೇರಿಸಿಕೊಂಡು, ಹೊರಗೆ ಒದ್ದೆಯೆನಿಸದೆ ಇರಬಲ್ಲದು. ವಾಸನೆಯನ್ನೂ ತಡವಾಗಿ ಹೊರಬಿಡುತ್ತದೆ. ಅವರಿಗೂ ಹಿತವೆನಿಸಿತು. ಆದರೂ ಅದನ್ನು ಆರಿಸಲಿಲ್ಲ. ಇವರ ಸಾಕ್ಸ್‌ಗಳಲ್ಲಿ ಒಗೆದ ನಂತರವೂ ವಾಸನೆ ಉಳಿದಿತ್ತು ಎಂಬುದು ಮೊದಲ ಪರೀಕ್ಷೆಯಲ್ಲೇ ಗೊತ್ತಾಗಿತ್ತು. ಪಾದದ ಸೋಂಕಿಗೆ ಚಿಕಿತ್ಸೆ ನಡೆಯುವಾಗ ಅದೇ ಬ್ಯಾಕ್ಟೀರಿಯಾ ಸಾಕ್ಸ್ ಮೂಲಕ ಮರಳದಿರಬೇಕಾದರೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯಬೇಕಿತ್ತು. ಆ ಬಿಸಿಗೆ ಹೆಚ್ಚಿನ ಉಣ್ಣೆ ಸಾಕ್ಸ್ ಕುಗ್ಗಿ ಹಾಳಾಗುತ್ತವೆ. ಹಾಗಾಗಿ ಆಯ್ಕೆಯಾದದ್ದು ಬಹುಪಾಲು ಹತ್ತಿ, ಅಲ್ಪಪಾಲು ನೈಲಾನ್ ಇರುವ ಮಧ್ಯಮ ದಪ್ಪದ ಸಾಕ್ಸ್. ಒಳಮೈ ಹೊರಗೆ ಮಾಡಿ ಒಗೆಯುವುದನ್ನೂ, ಬಟ್ಟೆ ಮೃದುವಾಗಿಸುವ ದ್ರವ ಹಾಕದಿರುವುದನ್ನೂ ಇದಕ್ಕೆ ಸೇರಿಸಿಕೊಂಡರು. ಆ ದ್ರವ ನಾರಿನ ಮೇಲೆ ಪದರವಾಗಿ ಕೂತು ಹೀರುವ ಶಕ್ತಿಯನ್ನು ತಗ್ಗಿಸುತ್ತದೆ.

ನನ್ನ ಅಭಿಪ್ರಾಯದಲ್ಲಿ ಈ ಆಯ್ಕೆಗಿಂತ ನಿರ್ಣಾಯಕವಾದದ್ದು ಪಾಳಿಯ ನಡುವಿನ ವಿರಾಮದಲ್ಲಿ ಸಾಕ್ಸ್ ಬದಲಿಸಿದ್ದು. ಐದು ಗಂಟೆಯ ನಂತರ ತೂಗಿದಾಗ ಒಂದು ಸಾಕ್ಸ್ ತನ್ನ ಒಣತೂಕವಾದ 35 ಗ್ರಾಂನಿಂದ 46 ಗ್ರಾಂಗೆ ಏರಿತ್ತು. ಆ 11 ಗ್ರಾಂ ನೀರನ್ನು ಬೂಟಿನಿಂದ ಹೊರಗೊಯ್ಯಲು ಬೇರಾವ ಉತ್ಪನ್ನಕ್ಕೂ ಸಾಧ್ಯವಿಲ್ಲ. ಬದಲಿಸುವಾಗ ಕಾಲನ್ನು ಒರೆಸಿ, ಐದು ನಿಮಿಷ ಗಾಳಿಗೆ ಬಿಟ್ಟು, ಆಮೇಲೆ ಹೊಸ ಸಾಕ್ಸ್ ಹಾಕುತ್ತಿದ್ದರು. ಮೊದಮೊದಲು ಸಹೋದ್ಯೋಗಿಗಳ ಎದುರು ಬೂಟು ಬಿಚ್ಚಲು ಒಪ್ಪಲಿಲ್ಲ. ಪಾದದ ವಾಸನೆ ಹೋದ ಮೇಲೆ ಆ ಅಡ್ಡಿ ತಾನಾಗಿ ನಿವಾರಣೆಯಾಯಿತು. ಪೌಡರ್ ಮತ್ತೆ ಬಂದದ್ದೂ ಈ ಹಂತದಲ್ಲೇ. ಔಷಧವಿಲ್ಲದ ಸಾಧಾರಣ ಪೌಡರನ್ನು, ಪೂರ್ತಿ ಒಣಗಿದ ಅಂಗಾಲಿಗೆ, ಕಂಡೂ ಕಾಣದಷ್ಟು ತೆಳುವಾಗಿ. ಅದು ಉಜ್ಜುವಿಕೆಯನ್ನು ತಗ್ಗಿಸುತ್ತದೆ, ಒಂದಷ್ಟು ಹೊತ್ತು ಹಿತ ಕೊಡುತ್ತದೆ. ಆದರೆ ಒಂದು ಚಿಟಿಕೆ ಪೌಡರ್ ಗಂಟೆಗಟ್ಟಲೆ ಹರಿಯುವ ಬೆವರನ್ನು ಹೀರಿ ಮುಗಿಸೀತೆಂದು ನಿರೀಕ್ಷಿಸುವುದು ಹೆಚ್ಚಾಯಿತು.

ಪರಿಣಾಮ, ಮತ್ತು ಅದರಿಂದ ತಿಳಿದದ್ದು

ಎರಡನೆಯ ಜೊತೆ ಬೂಟು ಬಂದ ಮೇಲೆ ದಿನ ಬಿಟ್ಟು ದಿನ ಬದಲಿಸಿ ಧರಿಸುವುದು ಸಾಧ್ಯವಾಯಿತು. ಪಾಳಿಗೆ ಮುನ್ನ ಇನ್‌ಸೋಲಿನ ತೂಕ 41 ಗ್ರಾಂ ಆಸುಪಾಸಿಗೆ ಇಳಿಯಿತು, ವಾಸನೆ ಇತರರಿಗೆ ತಿಳಿಯದಷ್ಟಾಯಿತು. ಕೆಲವು ತಿಂಗಳ ನಂತರ ಒಂದು ಜೊತೆಯ ಅಟ್ಟೆ ಕಿತ್ತು ದುರಸ್ತಿಗೆ ಹೋದಾಗ, ಉಳಿದದ್ದನ್ನೇ ಪ್ರತಿದಿನ ಧರಿಸಬೇಕಾಗಿ ಬಂತು. ಹತ್ತು ದಿನದೊಳಗೆ ಇನ್‌ಸೋಲಿನಲ್ಲಿ ವಾಸನೆ ಮರಳಿತು, ಆದರೆ ನೀರಿನಲ್ಲಿ ನೆನೆಸಿ ನೋಡಿದಾಗ ಅಂಗಾಲಿನಲ್ಲಿ ಕುಳಿಗಳಿರಲಿಲ್ಲ, ತೊಳೆದ ಪಾದದಲ್ಲಿ ವಾಸನೆಯೂ ಇರಲಿಲ್ಲ. ಆದ್ದರಿಂದ ಔಷಧವನ್ನು ಮತ್ತೆ ಹಚ್ಚದೆ, ಇನ್‌ಸೋಲ್ ಬದಲಿಸಿ ಬೂಟನ್ನು ಒಣಗಿಸುವುದರಿಂದಲೇ ಸರಿಪಡಿಸಿಕೊಂಡರು. ಪಾದದ ವಾಸನೆ, ಬೂಟಿನ ವಾಸನೆ ಎರಡು ಬೇರೆ ಸಮಸ್ಯೆಗಳೆಂದು ಮೊದಲೇ ವಿಂಗಡಿಸಿಕೊಂಡಿದ್ದರ ಪ್ರಯೋಜನ ಇಲ್ಲಿ ಕಂಡಿತು: ಯಾವುದು ಮರಳಿದೆ ಎಂದು ಅವರೇ ಗುರುತಿಸಿದರು.

ಅಲ್ಯುಮಿನಿಯಂ ಕ್ಲೋರೈಡ್ ನಿಲ್ಲಿಸಿದ ಮೇಲೆ ಬೆವರು ಮೊದಲಿನಷ್ಟಕ್ಕೇ ಮರಳಿದೆ. ನಡುವಿರಾಮದಲ್ಲಿ ತೆಗೆದ ಸಾಕ್ಸ್ ಈಗಲೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಬೆವರು ಕಡಿಮೆಯಾಗದೆಯೇ ವಾಸನೆ ಹೋದದ್ದು ಈ ಪ್ರಕರಣದ ಅತಿ ಸ್ಪಷ್ಟವಾದ ಸಾಕ್ಷ್ಯವೆಂದು ನಾನು ಎಣಿಸುತ್ತೇನೆ. ಆದರೆ ಇದನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ. ಬೂಟಿಲ್ಲದೆ ಕುಳಿತಿರುವಾಗಲೂ ಅಂಗಾಲಿನಿಂದ ಬೆವರು ಹನಿಯುವವರು, ಅಂಗೈಯೂ ಹಾಗೆಯೇ ಬೆವರುವವರು, ಇದ್ದಕ್ಕಿದ್ದಂತೆ ಬೆವರು ಹೆಚ್ಚಾದವರು ಬೂಟು ಒಣಗಿಸುವುದಕ್ಕೆ ಮುನ್ನ ವೈದ್ಯರನ್ನು ಕಾಣುವುದು ಸರಿ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಅಲ್ಯುಮಿನಿಯಂ ಕ್ಲೋರೈಡಿನ ಉರಿಯಾಗಲಿ, ನೆನೆದ ಸಾಕ್ಸ್ ಉಜ್ಜಿ ಆದ ಗಾಯವಾಗಲಿ ತಿಳಿಯದೆ ಹೋಗಬಹುದಾದ್ದರಿಂದ ಅವರು ಇವುಗಳನ್ನು ತಾವಾಗಿ ಪ್ರಯೋಗಿಸಬಾರದು.

ಇವರ ವಿಷಯದಲ್ಲಿ ಬೆವರಿಗೇ ಚಿಕಿತ್ಸೆ ಬೇಕೆನಿಸಿದರೆ ಮುಂದಿನ ಆಯ್ಕೆ ಅಯಾಂಟೊಫೊರೆಸಿಸ್, ಅಂದರೆ ಪಾದಗಳನ್ನು ನೀರಿನ ತಟ್ಟೆಗಳಲ್ಲಿಟ್ಟು ಮಂದವಾದ ವಿದ್ಯುತ್ ಹಾಯಿಸುವ ವಿಧಾನ. ಅದನ್ನು ಆರಂಭದಲ್ಲಿ ವಾರಕ್ಕೆ ಹಲವು ಬಾರಿ, ಪ್ರತಿ ಬಾರಿ ಸುಮಾರು 20 ನಿಮಿಷ ಮಾಡಬೇಕಾಗುತ್ತದೆ, ಫಲ ಉಳಿಯಬೇಕಾದರೆ ಆಮೇಲೂ ಮುಂದುವರಿಸಬೇಕಾಗುತ್ತದೆ. ಪಾಳಿಯ ಕೆಲಸದ ನಡುವೆ ಅಷ್ಟು ಬಿಡುವಿಲ್ಲವೆಂದು, ಸದ್ಯಕ್ಕೆ ಎರಡು ಜೊತೆ ಬೂಟು ಮತ್ತು ನಡುವಿರಾಮದ ಸಾಕ್ಸ್ ಸಾಕೆಂದು ಅವರು ತೀರ್ಮಾನಿಸಿದ್ದಾರೆ.